ಬತ್ಹಾದ ದರಫಲಕದಲ್ಲಿ ಕಾಣದ ತೈಲ: ಸರಕು ಕರೆನ್ಸಿಗಳನ್ನು ಕುರಿತು

ರಿಯಾದ್ ನಗರದ ಹಳೆಯ ವಾಣಿಜ್ಯ ಪ್ರದೇಶವಾದ ಬತ್ಹಾದಲ್ಲಿ, ಸಂಬಳದ ವಾರದ ಸಂಜೆಗಳಂದು ಹಣ ರವಾನೆಯ ಕೇಂದ್ರಗಳ ಮುಂದೆ ಉದ್ದನೆಯ ಸಾಲು ನಿಲ್ಲುತ್ತದೆ. ಸಾಲಿನಲ್ಲಿ ನಿಂತವರ ಕಣ್ಣೆಲ್ಲ ಗೋಡೆಯ ಮೇಲಿನ ದರಫಲಕದ ಮೇಲೆ. 2014ರ ಡಿಸೆಂಬರಿನಲ್ಲಿ ಭಟ್ಕಳದ ಗೆಳೆಯರೊಬ್ಬರೊಂದಿಗೆ ನಾನೂ ಅಲ್ಲಿ ನಿಂತಿದ್ದೆ. ಆ ವರ್ಷದ ಜೂನಿನಲ್ಲಿ ಪೀಪಾಯಿಗೆ ಸುಮಾರು 115 ಡಾಲರಿದ್ದ ಕಚ್ಚಾತೈಲವು ಆಗ 60ರ ಆಸುಪಾಸಿಗೆ ಇಳಿದಿತ್ತು. "ತೈಲ ಬಿದ್ದ ಮೇಲೆ ರಿಯಾಲ್ ಬೀಳದೆ ಇರುತ್ತದೆಯೇ?" ಎಂದು ಅವರು ತರ್ಕಿಸಿದರು. ಪರಿಚಿತರಿಂದ ಸಾಲ ಮಾಡಿ 20,000 ರಿಯಾಲನ್ನು ಅಂದೇ ಊರಿಗೆ ಕಳುಹಿಸಿದರು. ಅಂದು ರಿಯಾಲಿಗೆ ಸುಮಾರು 16.80 ರೂಪಾಯಿ. 2016ರ ಜನವರಿಯಲ್ಲಿ ತೈಲ 30 ಡಾಲರಿಗಿಂತಲೂ ಕೆಳಗಿಳಿದಾಗ ರಿಯಾಲಿಗೆ ಸುಮಾರು 18 ರೂಪಾಯಿ ಸಿಗುತ್ತಿತ್ತು. ಅವಸರದಿಂದ ಅವರಿಗಾದ ನಷ್ಟ 24,000 ರೂಪಾಯಿ.

ಅವರ ತರ್ಕ ಅಸಂಬದ್ಧವಾಗಿರಲಿಲ್ಲ. ಅದು ಬೇರೊಂದು ಬಗೆಯ ದೇಶಕ್ಕೆ ಸಲ್ಲುವ ತರ್ಕವಾಗಿತ್ತು. ಒಂದು ದೇಶದ ರಫ್ತಿನಲ್ಲಿ ಲೋಹ, ಬೆಳೆ ಅಥವಾ ಇಂಧನದ ಪಾಲು ದೊಡ್ಡದಾಗಿದ್ದು, ಅವುಗಳ ಜಾಗತಿಕ ಬೆಲೆಯ ಏರಿಳಿತವು ಆ ದೇಶದ ನಾಣ್ಯದ ವಿನಿಮಯ ದರದಲ್ಲಿ ಪ್ರತಿಫಲಿಸಿದರೆ, ಅಂಥ ನಾಣ್ಯವನ್ನು ಸರಕು ಕರೆನ್ಸಿ ಎನ್ನುತ್ತಾರೆ. ಇದಕ್ಕೆ ಪ್ರಸಿದ್ಧ ಉದಾಹರಣೆ ಆಸ್ಟ್ರೇಲಿಯಾದ ಡಾಲರ್.

ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಪ್ರಾಂತದಿಂದ ಕಬ್ಬಿಣದ ಅದಿರು ಚೀನಾಕ್ಕೆ ಹೋಗುತ್ತದೆ. ಮಾರಾಟ ನಡೆಯುವುದು ಅಮೆರಿಕದ ಡಾಲರಿನಲ್ಲಿ. ಆದರೆ ಗಣಿ ಕಂಪನಿಯು ಕಾರ್ಮಿಕರ ವೇತನ, ರಾಜಧನ ಮತ್ತು ತೆರಿಗೆಗಳನ್ನು ಆಸ್ಟ್ರೇಲಿಯಾದ ಡಾಲರಿನಲ್ಲಿ ಕೊಡಬೇಕು. ಅದಿರಿನ ಬೆಲೆ ಏರಿದಂತೆ ಆ ನಾಣ್ಯಕ್ಕೆ ಬೇಡಿಕೆ ಹೆಚ್ಚುತ್ತದೆ. ಹೊಸ ಗಣಿಗಳಿಗಾಗಿ ವಿದೇಶೀ ಬಂಡವಾಳವೂ ಒಳಬರುತ್ತದೆ. ದೇಶದ ಆರ್ಥಿಕತೆ ಬಿಸಿಯೇರಿದಾಗ ಅಲ್ಲಿನ ರಿಸರ್ವ್ ಬ್ಯಾಂಕ್ ಬಡ್ಡಿ ಏರಿಸಬಹುದೆಂದು ಎಣಿಸಿ ಹಣಕಾಸು ಮಾರುಕಟ್ಟೆಯೂ ಆ ನಾಣ್ಯವನ್ನು ಮುಂಚಿತವಾಗಿಯೇ ಕೊಳ್ಳುತ್ತದೆ. 1983ರ ಡಿಸೆಂಬರಿನಿಂದ ಆ ದೇಶದ ನಾಣ್ಯವನ್ನು ಮಾರುಕಟ್ಟೆಗೆ ಬಿಟ್ಟಿರುವುದರಿಂದ ಈ ಒತ್ತಡಗಳೆಲ್ಲ ನೇರವಾಗಿ ದರದಲ್ಲಿ ಕಾಣಿಸುತ್ತವೆ.

ಲೆಕ್ಕವನ್ನು ನೋಡೋಣ. 2011ರಲ್ಲಿ ಟನ್ ಅದಿರಿಗೆ ಸುಮಾರು 180 ಅಮೆರಿಕನ್ ಡಾಲರ್ ಇದ್ದಾಗ ಒಂದು ಆಸ್ಟ್ರೇಲಿಯನ್ ಡಾಲರಿನ ಬೆಲೆ ಸುಮಾರು 1.05 ಅಮೆರಿಕನ್ ಡಾಲರ್. ಅಂದರೆ ಗಣಿಗೆ ಸ್ವದೇಶದ ನಾಣ್ಯದಲ್ಲಿ ದೊರೆತದ್ದು ಸುಮಾರು 171. 2016ರ ಆರಂಭದಲ್ಲಿ ಅದಿರು ಸುಮಾರು 40ಕ್ಕೆ, ನಾಣ್ಯ ಸುಮಾರು 0.70ಕ್ಕೆ ಇಳಿದವು. ಆಗ ದೊರೆತದ್ದು 57. ಅದಿರಿನ ಬೆಲೆ ಶೇಕಡಾ 78ರಷ್ಟು ಕುಸಿದರೂ ಗಣಿಯ ಸ್ಥಳೀಯ ಆದಾಯ ಕುಸಿದದ್ದು ಶೇಕಡಾ 67ರಷ್ಟು. ನಾಣ್ಯದ ಇಳಿಕೆಯು ಪೆಟ್ಟಿನ ಒಂದಂಶವನ್ನು ತಾನೇ ನುಂಗಿತು. ಆ ಅಂಶದ ಬೆಲೆಯನ್ನು ತೆತ್ತವರು ಆಮದು ವಸ್ತುಗಳನ್ನು ಕೊಳ್ಳುವ ಜನಸಾಮಾನ್ಯರು, ಮತ್ತು ಸಿಡ್ನಿ, ಮೆಲ್ಬರ್ನ್‌ಗಳಿಂದ ಊರಿಗೆ ಹಣ ಕಳುಹಿಸುವ ನಮ್ಮವರು.

ಅದಿರಿದ್ದ ಮಾತ್ರಕ್ಕೆ ನಾಣ್ಯ ಸರಕು ಕರೆನ್ಸಿಯಾಗುವುದಿಲ್ಲ. ಚೀನಾದ ಅದೇ ಬೇಡಿಕೆ ನಮ್ಮ ಬಳ್ಳಾರಿಯ ಗಣಿಗಳಿಗೂ ಹುಚ್ಚು ಏರಿಕೆಯನ್ನು ತಂದಿತ್ತು. 2011ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲಿ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಹೊಸಪೇಟೆ, ಸಂಡೂರುಗಳ ಲಾರಿಗಳು ನಿಂತವು. ಆದರೆ ರೂಪಾಯಿಯ ಏರಿಳಿತವನ್ನು ನಿರ್ಧರಿಸುವ ಶಕ್ತಿ ಅದಿರಿಗೆ ಇರಲಿಲ್ಲ. ಭಾರತದ ಒಟ್ಟು ರಫ್ತಿನಲ್ಲಿ ಅದರ ಪಾಲು ಚಿಕ್ಕದು.

ಇತ್ತ ಸೌದಿ ಅರೇಬಿಯಾದ ರಫ್ತಿನಲ್ಲಿ ತೈಲದ್ದೇ ಸಿಂಹಪಾಲು. ಆದರೂ ರಿಯಾಲ್ ಅಲುಗಲಿಲ್ಲ. ಕಾರಣ, 1986ರ ಜೂನಿನಿಂದ ಒಂದು ಅಮೆರಿಕನ್ ಡಾಲರಿಗೆ 3.75 ರಿಯಾಲ್ ಎಂಬ ದರವನ್ನು ಕೇಂದ್ರ ಬ್ಯಾಂಕು ಕಾಯ್ದುಕೊಂಡು ಬಂದಿದೆ. ತೈಲದ ಡಾಲರುಗಳು ಸರ್ಕಾರಕ್ಕೆ ಬರುತ್ತವೆ. ಸರ್ಕಾರ ಅವನ್ನು ಕೇಂದ್ರ ಬ್ಯಾಂಕಿಗೆ ಕೊಟ್ಟು ರಿಯಾಲ್ ಪಡೆದು ವೆಚ್ಚ ಮಾಡುತ್ತದೆ. ಆಮದುದಾರರಿಗೂ ನಮ್ಮಂತಹ ಹಣ ಕಳುಹಿಸುವವರಿಗೂ ಡಾಲರ್ ಬೇಕಾದಾಗ ಕೇಂದ್ರ ಬ್ಯಾಂಕು ಅದೇ ದರದಲ್ಲಿ ಬ್ಯಾಂಕುಗಳಿಗೆ ಮಾರುತ್ತದೆ. ದಾಸ್ತಾನು ಇರುವ ತನಕ ದರ ಅಲುಗುವುದಿಲ್ಲ.

ಆದರೆ ಪೆಟ್ಟು ಮಾಯವಾಗುವುದಿಲ್ಲ, ಬೇರೆಡೆಗೆ ಹೋಗುತ್ತದೆ. 115 ಡಾಲರಿನ ಪೀಪಾಯಿಗೆ 431 ರಿಯಾಲ್ ಬರುತ್ತಿತ್ತು. 28 ಡಾಲರಿನ ಪೀಪಾಯಿಗೆ ಬಂದದ್ದು 105. ಡಾಲರಿನಲ್ಲಿ ಎಷ್ಟು ಕುಸಿಯಿತೋ ರಿಯಾಲಿನಲ್ಲೂ ಅಷ್ಟೇ. ಆಸ್ಟ್ರೇಲಿಯಾಕ್ಕೆ ಒದಗಿದ ಮೆತ್ತೆ ಇಲ್ಲಿಲ್ಲ. ಸಂಬಳ, ಸಬ್ಸಿಡಿ, ಕಾಮಗಾರಿಗಳ ವೆಚ್ಚವೆಲ್ಲ ರಿಯಾಲಿನಲ್ಲಿಯೇ ಇದ್ದುದರಿಂದ 2015ರ ಮುಂಗಡಪತ್ರದಲ್ಲಿ ಸುಮಾರು 367 ಶತಕೋಟಿ ರಿಯಾಲ್ ಕೊರತೆ ಘೋಷಿತವಾಯಿತು. 2014ರ ಮಧ್ಯಭಾಗದಲ್ಲಿ 730 ಶತಕೋಟಿ ಡಾಲರಿಗೂ ಮಿಕ್ಕಿದ್ದ ವಿದೇಶೀ ದಾಸ್ತಾನು 2016ರ ಕೊನೆಗೆ ಸುಮಾರು 535 ಶತಕೋಟಿಗೆ ಇಳಿಯಿತು. ಕಾಮಗಾರಿಗಳು ನಿಧಾನಗೊಂಡವು, ಕೆಲಸಗಳು ಹೋದವು. 2017ರ ಜುಲೈಯಿಂದ ಪ್ರತಿ ಅವಲಂಬಿತರ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ಅದು ವರ್ಷವರ್ಷವೂ ನೂರರಂತೆ ಏರಿತು. 2018ರ ಜನವರಿಯಿಂದ ಶೇಕಡಾ 5ರ ಮೌಲ್ಯವರ್ಧಿತ ತೆರಿಗೆಯೂ ಸೇರಿತು. ನಾನು ಹೆಂಡತಿ, ಇಬ್ಬರು ಮಕ್ಕಳನ್ನು ಊರಿಗೆ ಕಳುಹಿಸಿದ್ದು ಆಗಲೇ. ದರಫಲಕದಲ್ಲಿ ಕಾಣದ ತೈಲದ ಇಳಿಕೆ ನನ್ನ ಮನೆಯಲ್ಲಿ ಹೀಗೆ ಕಂಡಿತು.

ಹಾಗಾದರೆ ಬತ್ಹಾದ ಫಲಕದಲ್ಲಿ ದಿನವೂ ಬದಲಾಗುವುದೇನು? ಅದು ರೂಪಾಯಿ. ಡಾಲರಿಗೆ ಎಷ್ಟು ರೂಪಾಯಿಯೋ ಅದನ್ನು 3.75ರಿಂದ ಭಾಗಿಸಿದರೆ ರಿಯಾಲಿನ ದರ ದೊರೆಯುತ್ತದೆ. ಕೇಂದ್ರಗಳು ತಮ್ಮ ಲಾಭವನ್ನು ಕಳೆದು ಅದನ್ನೇ ಬರೆಯುತ್ತವೆ. ಭಾರತವು ತೈಲವನ್ನು ಕೊಳ್ಳುವ ದೇಶವಾದುದರಿಂದ ಇಲ್ಲಿ ಸಂಬಂಧ ತಿರುಗುಮುರುಗು. 2018ರ ಅಕ್ಟೋಬರಿನಲ್ಲಿ ತೈಲ 86 ಡಾಲರಿಗೆ ಏರಿದಾಗ ರೂಪಾಯಿ ಡಾಲರಿಗೆ 74ಕ್ಕೆ ಇಳಿದು, ರಿಯಾಲಿನ ದರ 19.70ರ ಸುತ್ತ ಬಂದಿತು. ಆದರೆ ಇದನ್ನೂ ಸೂತ್ರವೆಂದು ನಂಬಬಾರದು. 2015ರಲ್ಲಿ ತೈಲ ಅಗ್ಗವಾಗಿಯೂ ರೂಪಾಯಿ ಇಳಿಯಿತು. ಏಕೆಂದರೆ ಆಗ ಜಗತ್ತಿನ ಬಹುತೇಕ ನಾಣ್ಯಗಳ ಎದುರು ಅಮೆರಿಕದ ಡಾಲರೇ ಬಲಗೊಂಡಿತ್ತು.

ನಿಜವಾದ ಸರಕು ಕರೆನ್ಸಿಗೂ ಇಂತಹ ಮಿತಿಯುಂಟು. 2021ರ ಮೇ ತಿಂಗಳಿನಲ್ಲಿ ಅದಿರು 200 ಡಾಲರನ್ನು ದಾಟಿದರೂ ಆಸ್ಟ್ರೇಲಿಯಾದ ಡಾಲರ್ 0.80ರ ಕೆಳಗೇ ಉಳಿಯಿತು. 2011ರಲ್ಲಿದ್ದಂತೆ ಹೊಸ ಗಣಿಗಳಿಗೆ ಬಂಡವಾಳ ಹರಿಯುತ್ತಿರಲಿಲ್ಲ, ಬಡ್ಡಿದರವೂ ಸೊನ್ನೆಯ ಸಮೀಪದಲ್ಲಿತ್ತು. ಬೆಲೆ ಏರಿದರಷ್ಟೇ ಸಾಲದು. ಆ ಹಣ ದೇಶದೊಳಕ್ಕೆ ಬಂದು ನಾಣ್ಯವನ್ನು ಕೊಳ್ಳಬೇಕು.

ರಿಯಾಲಿನ ಮೇಲಿನ ಒತ್ತಡವನ್ನು ತಿಳಿಯಬಯಸುವವರು ನೋಡಬೇಕಾದವು ಎರಡು: ಕೇಂದ್ರ ಬ್ಯಾಂಕು ತಿಂಗಳು ತಿಂಗಳೂ ಪ್ರಕಟಿಸುವ ವಿದೇಶೀ ದಾಸ್ತಾನು, ಮತ್ತು ಒಂದು ವರ್ಷದ ನಂತರದ ವಿನಿಮಯಕ್ಕೆ ಇಂದೇ ನಿಗದಿಯಾಗುವ ಮುಂಗಡ ದರ. 2016ರ ಜನವರಿಯಲ್ಲಿ ಆ ಮುಂಗಡ ದರ 3.75ರಿಂದ ಎದ್ದು ಕಾಣುವಷ್ಟು ದೂರ ಸರಿದಿತ್ತು. ರಿಯಾಲ್ ಬೀಳಬಹುದೆಂದು ಮಾರುಕಟ್ಟೆಯೂ ನನ್ನ ಗೆಳೆಯರಂತೆಯೇ ಅಂಜಿತ್ತು. ದಾಸ್ತಾನು ದೊಡ್ಡದಿತ್ತು, ದರ ಉಳಿಯಿತು. ಗೆಳೆಯರು ಈಗಲೂ ನನ್ನೊಂದಿಗೆ ಅದೇ ಸಾಲಿನಲ್ಲಿ ನಿಲ್ಲುತ್ತಾರೆ; ತೈಲದ ಬೆಲೆಯನ್ನು ಕೇಳುವ ಮೊದಲು ಡಾಲರಿಗೆ ರೂಪಾಯಿ ಎಷ್ಟೆಂದು ಕೇಳುತ್ತಾರೆ.