ರುಜುವಾತಿನ ಭಾರ: ಎರಡು ಚೆಕ್ ಪ್ರಕರಣಗಳ ವಿವೇಚನೆ

ಅಪರಾಧ ಪ್ರಕರಣದಲ್ಲಿ ಫಿರ್ಯಾದಿ ಪಕ್ಷವು ಸಮಂಜಸ ಸಂದೇಹಕ್ಕೆ ಎಡೆಯಿಲ್ಲದಂತೆ ಆರೋಪವನ್ನು ರುಜುವಾತುಪಡಿಸಬೇಕು. ಸಿವಿಲ್ ವ್ಯಾಜ್ಯದಲ್ಲಿ ಸಂಭವನೀಯತೆಯ ತೂಕ ಯಾರ ಕಡೆಗೆ ವಾಲುತ್ತದೆ ಎಂಬುದಷ್ಟೇ ಸಾಕು. ಈ ಎರಡೂ ಅಳತೆಗಳು ಒಂದೇ ಮೊಕದ್ದಮೆಯಲ್ಲಿ ಸಂಧಿಸುವುದು ಚೆಕ್ ಅಮಾನ್ಯ ಪ್ರಕರಣಗಳಲ್ಲಿ.

ಕರ್ನಾಟಕದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ರಂಗಪ್ಪ–ಮೋಹನ್ ಪ್ರಕರಣದಲ್ಲಿ (2010) 45,000 ರೂಪಾಯಿಗಳ ಚೆಕ್ ವಿವಾದಕ್ಕೆ ಒಳಗಾಗಿತ್ತು. ಸಹಿ ತನ್ನದೇ ಎಂದು ಆರೋಪಿ ಒಪ್ಪಿದ್ದನು. ಸಹಿ ಮಾಡಿದ ಖಾಲಿ ಚೆಕ್ಕು ಕಳೆದುಹೋಗಿತ್ತೆಂಬುದು ಅವನ ವಾದ. ಸಹಿ ಒಪ್ಪಿದೊಡನೆ, ವರ್ಗಾವಣೀಯ ಲಿಖಿತಗಳ ಕಾಯಿದೆಯ 139ನೆಯ ಕಲಮಿನಂತೆ, ಸಾಲವಿತ್ತೆಂಬ ಪೂರ್ವಭಾವನೆ ಮೂಡುತ್ತದೆ. ಅದನ್ನು ಅಲ್ಲಗಳೆಯುವ ಹೊಣೆ ಆರೋಪಿಯದು. ಆದರೆ ಅವನಿಗಿರುವ ಅಳತೆ ಸಿವಿಲ್ ಅಳತೆಯೇ: ತನ್ನ ವಿವರಣೆ ಸಂಭವನೀಯವೆಂದು ತೋರಿಸಿದರೆ ಸಾಕು. ಅದಕ್ಕೆ ಅವನು ಸಾಕ್ಷಿಕಟ್ಟೆ ಏರಲೇಬೇಕೆಂದಿಲ್ಲ. ಫಿರ್ಯಾದಿಯ ಸಾಕ್ಷ್ಯವನ್ನೇ ಆಧರಿಸಬಹುದು. ಶಾಸನಬದ್ಧ ನೋಟೀಸಿಗೆ ಈ ಆರೋಪಿ ಉತ್ತರಿಸಿರಲಿಲ್ಲ. ಅವನ ವಾದ ನಿಲ್ಲಲಿಲ್ಲ, ಶಿಕ್ಷೆ ಉಳಿಯಿತು.

ಬಸಲಿಂಗಪ್ಪ–ಮುದಿಬಸಪ್ಪ ಪ್ರಕರಣದಲ್ಲಿ (2019) ತಕ್ಕಡಿ ಇನ್ನೊಂದೆಡೆಗೆ ವಾಲಿತು. 6 ಲಕ್ಷ ರೂಪಾಯಿ ಸಾಲ ಕೊಡುವ ಶಕ್ತಿ ಫಿರ್ಯಾದಿಗಿತ್ತೇ ಎಂದು ಆರೋಪಿ ಪ್ರಶ್ನಿಸಿದನು. ಆ ಶಕ್ತಿಯನ್ನು ಫಿರ್ಯಾದಿ ತೋರಿಸಲಾಗಲಿಲ್ಲ, ಆರೋಪಿ ಬಿಡುಗಡೆಯಾದನು. ಹೀಗೆ ಪೂರ್ವಭಾವನೆಯು ಭಾರವನ್ನು ಹೊರಳಿಸುತ್ತದೆಯೇ ಹೊರತು ತೀರ್ಪನ್ನು ಮೊದಲೇ ಬರೆದಿಡುವುದಿಲ್ಲ.