ಶಾಲಾ ಶಿಕ್ಷಕರಿಗೆ ಸಿಪಿಆರ್ ತರಬೇತಿ

ಹೃದಯ ಹಠಾತ್ತನೆ ನಿಂತ ವಯಸ್ಕರ ಎದೆಯನ್ನು ಒತ್ತಿ, ಆಂಬುಲೆನ್ಸ್ ಬರುವವರೆಗೆ ಮೆದುಳಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವ ಕ್ರಮವೇ ಸಿಪಿಆರ್. ಎದೆಯನ್ನು ಹೊರಗಿನಿಂದ ಒತ್ತುವ ವಿಧಾನವನ್ನು 1960ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಕೌವನ್‌ಹೋವನ್, ಜೂಡ್ ಮತ್ತು ನಿಕರ್‌ಬಾಕರ್ ಪ್ರಕಟಿಸಿದರು. ಕಲಿಕೆಗೆ ಬಳಸುವ ಬೊಂಬೆಯನ್ನು ಅದೇ ಹೊತ್ತಿಗೆ ರೂಪಿಸಿದವರು ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಲ್. ಭಾರತೀಯ ಅರಿವಳಿಕೆ ತಜ್ಞರ ಸಂಘ 2017ರಲ್ಲಿ ಜನಸಾಮಾನ್ಯರಿಗಾಗಿ ‘ಕೋಲ್ಸ್’ ಎಂಬ ಕ್ರಮವನ್ನು ಹೊರತಂದಿತು. ಇದರಲ್ಲಿ ಬಾಯಿಂದ ಉಸಿರು ಕೊಡುವುದಿಲ್ಲ, ಎದೆ ಒತ್ತುವುದಷ್ಟೇ. ಶಿಕ್ಷಕರ ತರಬೇತಿಗೆ ಇದೇ ಹೊಂದುತ್ತದೆ.

ಇಪ್ಪತ್ತು ಶಿಕ್ಷಕರು, ನಾಲ್ಕು ಬೊಂಬೆ, ನಲವತ್ತು ನಿಮಿಷದ ಎರಡು ಪೀರಿಯಡ್ ಇದ್ದರೆ ಪಾಠವನ್ನು ಹೀಗೆ ಹೊಂದಿಸಬಹುದು: ಮಾತು ಮತ್ತು ಪ್ರಾತ್ಯಕ್ಷಿಕೆಗೆ 15 ನಿಮಿಷ, ಗುರುತಿಸುವುದಕ್ಕೆ 10, ಬೊಂಬೆಯ ಮೇಲೆ ಕೈ ಪಳಗಿಸಲು 35, ಕಲ್ಪಿತ ಘಟನೆಗೆ 20. ಒಂದು ಬೊಂಬೆಗೆ ಐವರು, ಪ್ರತಿಯೊಬ್ಬರಿಗೆ ಎರಡೆರಡು ನಿಮಿಷದ ಎರಡು ಸರದಿ ಎಂದರೆ ಒತ್ತುವುದಕ್ಕೇ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಉಳಿದದ್ದು ತಿದ್ದಲು. ಬಂದ ವೈದ್ಯರು ಸ್ಲೈಡ್ ತೋರಿಸುತ್ತಾ ಮುಕ್ಕಾಲು ಗಂಟೆ ಕಳೆದರೆ ಕಲಿತವರ ಕೈಗೆ ಏನೂ ಬರುವುದಿಲ್ಲ.

ಕಲಿಸಲು ಕಷ್ಟವಾದದ್ದು ಒತ್ತುವುದಲ್ಲ, ಯಾವಾಗ ಒತ್ತಬೇಕೆಂದು ಗುರುತಿಸುವುದು. ಹೃದಯ ನಿಂತ ಮೊದಲ ಕ್ಷಣಗಳಲ್ಲಿ ಕೈಕಾಲು ಅದುರಬಹುದು. ಆಗ ಮೂರ್ಛೆರೋಗವೆಂದುಕೊಂಡು ಸುತ್ತಲಿನವರು ಬೀಗದ ಕೈ ತಂದು ಅಂಗೈಗೆ ಇಡುತ್ತಾರೆ, ಇನ್ನೊಬ್ಬರು ಬಾಯಿಗೆ ನೀರು ಬಿಡುತ್ತಾರೆ. ಅಷ್ಟರಲ್ಲಿ ಮೇಲುಸಿರು ಶುರುವಾಗಿರುತ್ತದೆ: ಬಾಯಿ ತೆರೆದು, ನಡುನಡುವೆ ಗೊರಕೆಯಂಥ ಎಳೆತ. ‘ಉಸಿರಾಡ್ತಿದ್ದಾರಲ್ಲ’ ಎಂದು ಜನ ಕೈಬಿಡುವುದು ಇಲ್ಲೇ. ಅದು ಉಸಿರಾಟವಲ್ಲ. ಆದ್ದರಿಂದ ಭುಜ ತಟ್ಟಿ ಕೂಗಿದರೆ ಪ್ರತಿಕ್ರಿಯೆ ಇಲ್ಲ, ಹತ್ತು ಸೆಕೆಂಡಿನೊಳಗೆ ಸಹಜವಾಗಿ ಎದೆ ಏರಿಳಿಯುವುದು ಕಾಣಲಿಲ್ಲ ಎಂಬ ಎರಡೇ ಲಕ್ಷಣಗಳನ್ನು ಕಲಿಸುತ್ತಾರೆ. ನಾಡಿ ಹುಡುಕುವುದನ್ನು ಸಾಮಾನ್ಯರಿಗೆ ಕಲಿಸುವುದಿಲ್ಲ. ಗಾಬರಿಯಲ್ಲಿ ತಮ್ಮದೇ ಬೆರಳಿನ ಬಡಿತ ಬಿದ್ದವರ ನಾಡಿಯಂತೆ ತೋರುತ್ತದೆ.

ಒತ್ತುವವರು ಮಂಡಿಯೂರಿ, ಒಂದು ಅಂಗೈಯ ಬುಡವನ್ನು ಎದೆಮೂಳೆಯ ಕೆಳ ಅರ್ಧದ ಮೇಲಿಟ್ಟು, ಇನ್ನೊಂದು ಕೈಯನ್ನು ಅದರ ಮೇಲಿಡಬೇಕು. ಮೊಣಕೈ ನೆಟ್ಟಗಿರಲಿ, ಭುಜ ಕೈಯ ಮೇಲಕ್ಕೆ ಬರಲಿ. ಸೀರೆಯುಟ್ಟವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಕೂರುವುದು ಒಳ್ಳೆಯದು. ಒತ್ತುವ ಆಳ 5 ಸೆಂ.ಮೀ., 6 ಮೀರಬಾರದು. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಬೇಕು, ಇಲ್ಲದಿದ್ದರೆ ಹೃದಯ ಮತ್ತೆ ತುಂಬಿಕೊಳ್ಳುವುದಿಲ್ಲ. ದಣಿದವರು ಎದೆಯ ಮೇಲೆ ಒರಗಿ ಮಾಡುವ ತಪ್ಪು ಇದು. ಅವರಿಗೆ ಗೊತ್ತಾಗುವುದಿಲ್ಲ, ಪಕ್ಕದಿಂದ ನೋಡುವವರಿಗೆ ಕಾಣುತ್ತದೆ.

ಲಯಕ್ಕೆ ಕನ್ನಡದ ಎಣಿಕೆ ಒಂದು ತೊಡಕು. ಹತ್ತರವರೆಗೆ ಸಲೀಸು, ‘ಇಪ್ಪತ್ತೊಂದು’ ಬರುವಷ್ಟರಲ್ಲಿ ನಾಲಗೆ ನಿಧಾನಿಸಿ ಕೈಯೂ ನಿಧಾನಿಸುತ್ತದೆ. ಹಾಗಾಗಿ ಒಂದರಿಂದ ಹತ್ತರವರೆಗೆ ಮೂರು ಬಾರಿ ಎಣಿಸಿದರೆ ಸಾಕು. ಗಡಿಯಾರ ಹಿಡಿದ ತರಬೇತುದಾರರಿಗೆ ಲೆಕ್ಕ ಸುಲಭ: ಮೂವತ್ತು ಒತ್ತಿಗೆ 15ರಿಂದ 18 ಸೆಕೆಂಡ್ ಹಿಡಿಯಬೇಕು. ಹನ್ನೆರಡರಲ್ಲೇ ಮುಗಿದರೆ ಆಳ ಕಡಿಮೆಯಾಗಿರುವ ಸಂಭವ ಹೆಚ್ಚು.

ಕೊನೆಯ ಇಪ್ಪತ್ತು ನಿಮಿಷದ ಕಲ್ಪಿತ ಘಟನೆ ಇಂಥದ್ದು: ಬೆಳಗಿನ ಪ್ರಾರ್ಥನೆ ನಡೆಯುತ್ತಿರುವಾಗ ಐವತ್ತೆರಡರ ದೈಹಿಕ ಶಿಕ್ಷಕರು ಮೈದಾನದಲ್ಲಿ ಕುಸಿಯುತ್ತಾರೆ. ಹತ್ತಿರದ ಶಿಕ್ಷಕಿ ‘ಸರ್, ಸರ್’ ಎಂದು ಭುಜ ತಟ್ಟುತ್ತಾರೆ. ಮೇಲುಸಿರು ಮಾತ್ರ ಇದೆ. ‘ಯಾರಾದರೂ ಫೋನ್ ಮಾಡಿ’ ಎಂದರೆ ಯಾರೂ ಮಾಡುವುದಿಲ್ಲ. ಒಬ್ಬರತ್ತ ಕೈತೋರಿ ‘ನೀವು 108ಕ್ಕೆ ಫೋನ್ ಮಾಡಿ, ಸ್ಪೀಕರ್ ಹಾಕಿ’, ಇನ್ನೊಬ್ಬರಿಗೆ ‘ನೀವು ಗೇಟ್ ತೆಗೆಸಿ ರಸ್ತೆಯಲ್ಲಿ ನಿಲ್ಲಿ’, ಮತ್ತೊಬ್ಬರಿಗೆ ‘ಮಕ್ಕಳನ್ನು ತರಗತಿಗೆ ಕಳಿಸಿ’ ಎನ್ನಬೇಕು. ಹೇಳುತ್ತಲೇ ಒತ್ತಲು ಶುರು. ಎರಡು ನಿಮಿಷಕ್ಕೆ ಕೈ ಬದಲು: ಮುಂದಿನವರು ಎದುರು ಬದಿಯಲ್ಲಿ ಮಂಡಿಯೂರಿ ಸಿದ್ಧರಿರಬೇಕು, ನಡುವಿನ ವಿರಾಮ ಹತ್ತು ಸೆಕೆಂಡ್ ದಾಟಬಾರದು. ಹತ್ತಿರದಲ್ಲಿ ಎಇಡಿ ಯಂತ್ರವಿದ್ದರೆ ತರಿಸಿ ಅದು ಹೇಳಿದಂತೆ ಮಾಡಬೇಕು. ಕುಸಿದವರು ಕಣ್ಣು ಬಿಟ್ಟು ಸಹಜವಾಗಿ ಉಸಿರಾಡುವವರೆಗೆ ಅಥವಾ ಆಂಬುಲೆನ್ಸ್ ಸಿಬ್ಬಂದಿ ವಹಿಸಿಕೊಳ್ಳುವವರೆಗೆ ನಿಲ್ಲಿಸುವಂತಿಲ್ಲ.

ಪಕ್ಕೆಲುಬು ಮುರಿದರೆ ಎಂಬ ಪ್ರಶ್ನೆ ಪ್ರತಿ ಶಾಲೆಯಲ್ಲೂ ಏಳುತ್ತದೆ. ಮುರಿಯಬಹುದು, ಆದರೂ ಒತ್ತಬೇಕು. ಬೊಂಬೆ ಇಲ್ಲವೆಂದು ಸಹೋದ್ಯೋಗಿಯ ಎದೆಯ ಮೇಲೆ ಅಭ್ಯಾಸ ಮಾಡುವುದು ಮಾತ್ರ ಅಪಾಯ. ಗಟ್ಟಿ ದಿಂಬಿನ ಮೇಲೆ ಭಂಗಿ, ಲಯ ಕಲಿಯಬಹುದು, ಆಳ ಕಲಿಯಲಾಗದು. ನೀರಿನಲ್ಲಿ ಮುಳುಗಿದವರಿಗೂ ಮಕ್ಕಳಿಗೂ ಈ ಪಾಠ ಸಾಲದು, ಅವರಿಗೆ ಉಸಿರೂ ಕೊಡಬೇಕಾಗುತ್ತದೆ. ಕಲಿತ ಕೈ ಕೆಲವೇ ತಿಂಗಳಲ್ಲಿ ಮರೆಯುವುದರಿಂದ ಆರು ತಿಂಗಳಿಗೊಮ್ಮೆ ತಲಾ ಎರಡು ನಿಮಿಷ ಬೊಂಬೆ ಒತ್ತಿಸುವ ಶಾಲೆಗಳಿಗೆ ಇಡೀ ಪಾಠವನ್ನು ಮತ್ತೆ ನಡೆಸುವ ಪ್ರಮೇಯ ಅಷ್ಟಾಗಿ ಬರುವುದಿಲ್ಲ.