ಪೈಪ್ ದಾಟುವ ಕಡೆ ಬೆಂಕಿಯನ್ನು ತಡೆಯುವುದು

ಕೊಳ್ಳೇಗಾಲದ ಪೇಟೆಯಲ್ಲಿ ಕೆಳಗೆ ಅಂಗಡಿ ಅಥವಾ ಗೋದಾಮು, ಮೇಲೆ ನರ್ಸಿಂಗ್ ಹೋಂ ಅಥವಾ ಲಾಡ್ಜ್ ಇರುವ ಮೂರು ಅಂತಸ್ತಿನ ಕಟ್ಟಡ ಈಗ ಹೊಸದೇನಲ್ಲ. ಹನೂರು, ಯಳಂದೂರುಗಳೂ ಅದೇ ದಾರಿಯಲ್ಲಿ ಬೆಳೆಯುತ್ತಿವೆ. ಇವುಗಳಲ್ಲಿ ಹೆಚ್ಚಿನವು 15 ಮೀಟರ್ ಎತ್ತರದೊಳಗೇ ಇರುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಬಹುಮಹಡಿ ಎಂದು ಕರೆಯುವುದು 15 ಮೀಟರ್ ಮತ್ತು ಅದಕ್ಕೂ ಎತ್ತರದ ಕಟ್ಟಡಗಳನ್ನು. ಹಾಗಾಗಿ ಇಂಥ ಕಟ್ಟಡಗಳಲ್ಲಿ ಪೈಪು, ಕೇಬಲ್ಲು, ಎಸಿ ಡಕ್ಟ್ ಗೋಡೆ ದಾಟುವ ಜಾಗವನ್ನು ನೋಡುವ ಕಣ್ಣು ಸಾಮಾನ್ಯವಾಗಿ ಕಟ್ಟಿಸಿದವರದ್ದೇ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಎರಡು ಗಂಟೆಗೂ ಹೆಚ್ಚು ಕಾಲ ಬೆಂಕಿಯನ್ನು ತಡೆಯಬಲ್ಲದು. ಪ್ಲಂಬರ್ ಕೊರೆದ ತೂತು ತಡೆಯುವುದೇ ಎಂಬುದು ಬೇರೆ ಪ್ರಶ್ನೆ.

ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಶೌಚಾಲಯದ ಪೈಪು ಎರಕದ ಕಬ್ಬಿಣದ್ದು. ತಾರಸಿ ದಾಟಿಸಿದ ಮೇಲೆ ಸುತ್ತಲಿನ ಸಂದಿಗೆ ಮೇಸ್ತ್ರಿ ಗಾರೆ ತುಂಬಿದರೆ ಸಾಕಿತ್ತು. ಕಬ್ಬಿಣ ಕರಗುವುದಿಲ್ಲ, ಗಾರೆ ಉರಿಯುವುದಿಲ್ಲ. ಆಮೇಲೆ ಪಿವಿಸಿ ಬಂತು. ಪೈಪು ಬದಲಾಯಿತು, ಗಾರೆ ತುಂಬುವ ರೂಢಿ ಮಾತ್ರ ಹಾಗೇ ಉಳಿಯಿತು. ಈ ಕ್ಷೇತ್ರದ ಮುಖ್ಯ ತೊಡಕೆಲ್ಲ ಇದರಲ್ಲೇ ಇದೆ ಎಂದು ನನಗನಿಸುತ್ತದೆ.

110 ಮಿಲಿಮೀಟರ್‌ನ ಒಂದು ಪಿವಿಸಿ ಪೈಪು 150 ಮಿಲಿಮೀಟರ್ ದಪ್ಪದ ತಾರಸಿಯನ್ನು ದಾಟುತ್ತಿದೆ, ಕೆಳಗಿನ ಗೋದಾಮಿಗೆ ಬೆಂಕಿ ಬಿದ್ದಿದೆ ಎಂದುಕೊಳ್ಳಿ. ಪ್ರಯೋಗಾಲಯದ ಪ್ರಮಾಣಿತ ಪರೀಕ್ಷೆಯಲ್ಲಿ ಕುಲುಮೆಯ ಶಾಖ ಐದೇ ನಿಮಿಷಕ್ಕೆ 570 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಪಿವಿಸಿ ಮೆತ್ತಗಾಗಲು ಸುಮಾರು 80 ಡಿಗ್ರಿ ಸಾಕು. ಪೈಪು ಕುಸಿದು ಬಿದ್ದ ಮೇಲೆ ಸುತ್ತಲಿನ ಗಾರೆ ಗಟ್ಟಿಯಾಗಿಯೇ ಇರುತ್ತದೆ, ಆದರೆ ಅದರ ನಡುವೆ ಸುಮಾರು 95 ಚದರ ಸೆಂಟಿಮೀಟರ್‌ನ ತೆರೆದ ಬಾಯಿ ಉಳಿದಿರುತ್ತದೆ. ಹೊಗೆ ನೇರವಾಗಿ ಮೇಲಿನ ವಾರ್ಡಿಗೆ ಹೋಗುತ್ತದೆ.

ಇದಕ್ಕೆ ಪರಿಹಾರ ಫೈರ್ ಕಾಲರ್: ಒಳಗೆ ಉಬ್ಬುವ ಪದಾರ್ಥದ ಪಟ್ಟಿ ಇರುವ ಉಕ್ಕಿನ ಬಳೆ. ಈ ಪಟ್ಟಿಗಳಲ್ಲಿ ಹೆಚ್ಚಿನವುಗಳಲ್ಲಿರುವ ಗ್ರಾಫೈಟ್ ಸುಮಾರು 200 ಡಿಗ್ರಿಯ ಆಸುಪಾಸಿನಲ್ಲಿ ಹಲವು ಪಟ್ಟು ಉಬ್ಬುತ್ತದೆ. ಹೊರಗೆ ಹೋಗಲು ಉಕ್ಕಿನ ಬಳೆ ಬಿಡದ ಕಾರಣ ಒಳಮುಖವಾಗಿ ಒತ್ತಿ, ಮೆತ್ತಗಾದ ಪೈಪನ್ನು ಹಿಚುಕಿ ಬಾಯಿ ಮುಚ್ಚುತ್ತದೆ. ತಾರಸಿಯಲ್ಲಿ ಕಾಲರ್ ಕೂರಬೇಕಾದದ್ದು ಕೆಳಬದಿಯಲ್ಲಿ, ಶಾಖ ಮೊದಲು ತಾಗುವುದು ಅಲ್ಲೇ. ಗೋಡೆಗಾದರೆ ಬೆಂಕಿ ಯಾವ ಕಡೆಯಿಂದ ಬರುವುದೋ ಹೇಳಲಾಗದು, ಎರಡೂ ಬದಿಗೆ ಬೇಕು. 150 ಮಿಲಿಮೀಟರ್ ಕೋರ್ ಕಟಿಂಗ್ ಮಾಡಿದ್ದರೆ ಪೈಪಿನ ಸುತ್ತ 20 ಮಿಲಿಮೀಟರ್ ಸಂದಿ ಉಳಿಯುತ್ತದೆ. ಅದಕ್ಕೆ ರಾಕ್‌ವೂಲ್ ಬಿಗಿಯಾಗಿ ತುರುಕಿ, ಮೇಲೆ ಫೈರ್ ಸೀಲೆಂಟ್ ಹಚ್ಚಬೇಕು. ಎಷ್ಟು ಆಳ, ಎಷ್ಟು ದಪ್ಪ ಎಂಬುದನ್ನು ತಯಾರಕರ ಪರೀಕ್ಷಾ ವಿವರ ಹೇಳುತ್ತದೆ. ಕಾಲರನ್ನು ಪ್ಲಾಸ್ಟಿಕ್ ರಾಲ್‌ಪ್ಲಗ್‌ಗೆ ಸ್ಕ್ರೂ ಹಾಕಿ ನಿಲ್ಲಿಸಿದರೆ ಬೆಂಕಿಯ ಬಿಸಿಗೆ ಪ್ಲಗ್ ಕರಗಿ ಕಾಲರ್ ಕಳಚಿ ಬೀಳಬಹುದು. ಅಲ್ಲಿ ಬೇಕಾದದ್ದು ಉಕ್ಕಿನ ಆಂಕರ್.

ತೂತು ಮುಚ್ಚುವುದನ್ನೇ ಒಂದು ಪರೀಕ್ಷೆಗೆ ಒಡ್ಡಬೇಕು ಎಂಬ ಅರಿವು ಗಟ್ಟಿಯಾದದ್ದರಲ್ಲಿ ಒಂದು ಅಪಘಾತದ ಪಾಲು ದೊಡ್ಡದು. 1975ರ ಮಾರ್ಚ್ 22ರಂದು ಅಮೆರಿಕದ ಅಲಬಾಮದ ಬ್ರೌನ್ಸ್ ಫೆರಿ ಪರಮಾಣು ವಿದ್ಯುತ್ ಸ್ಥಾವರದಲ್ಲಿ, ಕೇಬಲ್‌ಗಳು ಗೋಡೆ ದಾಟುವ ಕಡೆ ಗಾಳಿ ಸೋರುತ್ತಿದೆಯೇ ಎಂದು ಕೆಲಸಗಾರರು ಮೇಣದಬತ್ತಿ ಹಿಡಿದು ನೋಡುತ್ತಿದ್ದರು. ಸಂದಿ ಮುಚ್ಚಲು ಬಳಸಿದ್ದ ಪಾಲಿಯುರೆಥೇನ್ ಫೋಮಿಗೇ ಬೆಂಕಿ ಹತ್ತಿತು. ಸುಮಾರು ಏಳು ಗಂಟೆ ಉರಿದು, 1,600ಕ್ಕೂ ಹೆಚ್ಚು ಕೇಬಲ್‌ಗಳು ಹಾಳಾದವು. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಎಎಸ್‌ಟಿಎಂ ಇ814 ಎಂಬ ಪರೀಕ್ಷಾ ವಿಧಾನ ಬಂತು. ಅದು ಸೀಲೆಂಟ್ ಡಬ್ಬಿಯೊಂದನ್ನೇ ಪರೀಕ್ಷಿಸುವುದಿಲ್ಲ. ಗೋಡೆ, ತೂತು, ಪೈಪು, ತುಂಬಿದ ವಸ್ತು ಎಲ್ಲವನ್ನೂ ಜೋಡಿಸಿದ ಹಾಗೇ ಕುಲುಮೆಯ ಮುಂದಿಡುತ್ತದೆ. ಜ್ವಾಲೆ ಎಷ್ಟು ಹೊತ್ತು ದಾಟಲಿಲ್ಲ ಎಂಬುದು ಒಂದು ಲೆಕ್ಕ, ಆಚೆ ಬದಿ ಎಷ್ಟು ಹೊತ್ತು ವಿಪರೀತ ಬಿಸಿಯಾಗಲಿಲ್ಲ ಎಂಬುದು ಇನ್ನೊಂದು. ಎಸಿಯ ತಾಮ್ರದ ಪೈಪು ಮೊದಲನೆಯದರಲ್ಲಿ ಗೆದ್ದು ಎರಡನೆಯದರಲ್ಲಿ ಸೋಲಬಹುದು, ಲೋಹವೇ ಶಾಖವನ್ನು ಹೊತ್ತೊಯ್ಯುವುದರಿಂದ. ಅರ್ಧ ಶತಮಾನದ ಹಿಂದೆ ಹೀಗೆ ಪಾಠ ಕಲಿಸಿದ ಪಿಯು ಫೋಮನ್ನು ಇಂದಿಗೂ ಕೇಬಲ್ ತೂತುಗಳಿಗೆ ಸ್ಪ್ರೇ ಮಾಡಿ ಬಿಡುವುದನ್ನು ಕಂಡರೆ ಸಂಕಟವಾಗುತ್ತದೆ.

ನಮ್ಮ ನಿಯಮಗಳೂ ಬೆಳೆದಿವೆ. 2005ರ ಕಟ್ಟಡ ಸಂಹಿತೆ ವಿದ್ಯುತ್ ಕೇಬಲ್ ಶಾಫ್ಟನ್ನು ಒಂದು ಬಿಟ್ಟು ಒಂದು ಅಂತಸ್ತಿನಲ್ಲಿ ಮುಚ್ಚಿದರೆ ಸಾಕು ಎಂದಿತ್ತು. 2016ರ ಪರಿಷ್ಕರಣೆ ಪ್ರತಿ ಅಂತಸ್ತಿನಲ್ಲೂ, ತಾರಸಿಯಷ್ಟೇ ಬೆಂಕಿ ತಡೆಯುವ ವಸ್ತುವಿನಿಂದ ಮುಚ್ಚಬೇಕು ಎಂದಿತು. ಈ ಎರಡರ ನಡುವೆ 2010ರ ಫೆಬ್ರವರಿ 23 ಇದೆ. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ವಿದ್ಯುತ್ ಡಕ್ಟ್‌ನ ಬೆಂಕಿಯ ಹೊಗೆ ಮೇಲಿನ ಅಂತಸ್ತುಗಳನ್ನು ತುಂಬಿತು, ಒಂಬತ್ತು ಜನ ಸತ್ತರು. ಮರುವರ್ಷ ಡಿಸೆಂಬರ್ 9ರಂದು ಕೋಲ್ಕತ್ತದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆಗೆ ಬೆಂಕಿ ಬಿತ್ತು. ಹೊಗೆ ಮೇಲೇರಿ 90ಕ್ಕೂ ಹೆಚ್ಚು ಜನ, ಬಹುತೇಕ ರೋಗಿಗಳು, ಉಸಿರುಗಟ್ಟಿ ಸತ್ತರು.

ಇನ್ನು ಡ್ಯಾಂಪರ್. ತಾಲ್ಲೂಕು ಊರುಗಳಲ್ಲಿ ಸ್ಪ್ಲಿಟ್ ಎಸಿಯೇ ಹೆಚ್ಚು, ಡಕ್ಟ್ ಸಿಗುವುದು ಆಪರೇಷನ್ ಥಿಯೇಟರಿನಲ್ಲಿ, ದೊಡ್ಡ ಕಲ್ಯಾಣ ಮಂಟಪದಲ್ಲಿ. ಬೆಂಕಿ ತಡೆಯಬೇಕಾದ ಗೋಡೆಯನ್ನೋ ತಾರಸಿಯನ್ನೋ ಡಕ್ಟ್ ದಾಟುವಲ್ಲಿ ಉಕ್ಕಿನ ರೆಕ್ಕೆಗಳ ಈ ಬಾಗಿಲು ಬೇಕು. ಸರಳ ಬಗೆಯಲ್ಲಿ ಅದನ್ನು ತೆರೆದು ಹಿಡಿದಿರುವುದು ಸುಮಾರು 72 ಡಿಗ್ರಿಗೆ ಕರಗುವ ಬೆಸುಗೆಯ ಪುಟ್ಟ ಕೊಂಡಿ. ಕೊಂಡಿ ಬಿಟ್ಟರೆ ಸ್ಪ್ರಿಂಗ್ ಬಾಗಿಲನ್ನು ಮುಚ್ಚುತ್ತದೆ. ಇದರ ಮಿತಿಯೂ ಇಲ್ಲೇ ಇದೆ: ತಣ್ಣಗಿನ ಹೊಗೆಗೆ ಕೊಂಡಿ ಕರಗುವುದಿಲ್ಲ. ಆಸ್ಪತ್ರೆಗಾದರೆ ಹೊಗೆ ಸಂವೇದಕದ ಸೂಚನೆಗೆ ಮೋಟರ್ ಮೂಲಕ ಮುಚ್ಚುವ ಬಗೆಯೇ ಸರಿ.

ಡ್ಯಾಂಪರ್ ಗೋಡೆಯ ದಪ್ಪದೊಳಗೇ ಕೂರಬೇಕು. ಅನುಕೂಲವೆಂದು ಗೋಡೆಯಿಂದ ಒಂದಡಿ ಈಚೆ ಡಕ್ಟ್‌ನಲ್ಲಿ ಸಿಕ್ಕಿಸಿದರೆ, ಬಿಸಿಗೆ ಡಕ್ಟ್ ಕುಸಿದಾಗ ಡ್ಯಾಂಪರೂ ಅದರ ಜೊತೆ ಬೀಳುತ್ತದೆ, ಗೋಡೆಯ ತೂತು ತೆರೆದುಕೊಳ್ಳುತ್ತದೆ. ಅಮೆರಿಕನ್ ಪದ್ಧತಿಯಲ್ಲಿ ಡ್ಯಾಂಪರ್ ಒಂದು ತಗಡಿನ ತೋಳಿನೊಳಗಿರುತ್ತದೆ, ಎರಡೂ ಬದಿಯ ಆಂಗಲ್‌ಗಳು ಅದನ್ನು ಗೋಡೆಗೆ ಹಿಡಿದಿರುತ್ತವೆ. ಡಕ್ಟನ್ನು ಈ ತೋಳಿಗೆ ಬೇಕೆಂದೇ ಸಡಿಲ ಜೋಡಣೆಯಲ್ಲಿ ಸೇರಿಸುತ್ತಾರೆ. ಡಕ್ಟ್ ಬಿದ್ದರೂ ತೋಳು ನಿಲ್ಲಲಿ ಎಂದು. ಉಕ್ಕು ಹಿಗ್ಗಲೆಂದು ಸುತ್ತ ಬಿಟ್ಟ ಸಂದಿಗೆ ಇಲ್ಲಿ ಗಾರೆ ತುಂಬಿದರೆ ಚೌಕಟ್ಟು ಸೊಟ್ಟಗಾಗಿ ರೆಕ್ಕೆಗಳು ಸಿಕ್ಕಿಕೊಳ್ಳುತ್ತವೆ. ಯುರೋಪಿನ ಹಲವು ಮಾದರಿಗಳನ್ನು ಗಾರೆ ತುಂಬಿಯೇ ಪರೀಕ್ಷಿಸಿರುತ್ತಾರೆ. ಹಾಗಾಗಿ ಪೆಟ್ಟಿಗೆಯೊಡನೆ ಬಂದ ಅಳವಡಿಕೆ ಹಾಳೆಯನ್ನು ಮೇಸ್ತ್ರಿಯ ಕೈಗೆ ಕೊಡದೆ ಕೆಲಸ ಶುರುಮಾಡಿಸಬಾರದು. ಕಲ್ಯಾಣ ಮಂಟಪದ ಅಡುಗೆಮನೆಯ ಹೊಗೆ ಡಕ್ಟ್‌ಗೆ ಮಾತ್ರ ಮಾಮೂಲಿ ಡ್ಯಾಂಪರ್ ಹಾಕುವಂತಿಲ್ಲ. ಎಣ್ಣೆಜಿಡ್ಡು ಹಿಡಿದು ಅದು ಕೆಲಸ ಮಾಡುವುದಿಲ್ಲ. ಆ ಡಕ್ಟ್ ಬೆಂಕಿ ತಡೆಯುವ ತನ್ನದೇ ಕವಚದೊಳಗೆ ನೇರ ಹೊರಗೆ ಹೋಗಬೇಕು.

ಕಟ್ಟಡ ಸಿದ್ಧವಾದ ಮೇಲೂ ತಪ್ಪು ಹಿಡಿಯಬಹುದು. ಫಾಲ್ಸ್ ಸೀಲಿಂಗಿನ ಒಂದು ಹಲಗೆ ಎತ್ತಿ ಗೋಡೆಗೆ ಟಾರ್ಚ್ ಬಿಟ್ಟು ನೋಡಿದರೆ, ಬೆಳಕು ಆಚೆ ಕಂಡಲ್ಲೆಲ್ಲ ಹೊಗೆಯೂ ಹೋಗುತ್ತದೆ. ಹಳದಿ ಫೋಮ್ ಕಂಡರೆ ಪರೀಕ್ಷಾ ವರದಿ ಕೇಳಬೇಕು. ಡ್ಯಾಂಪರ್ ಬಳಿ ಡಕ್ಟ್‌ಗೆ ಕೈ ಹಾಕುವಷ್ಟು ಬಾಗಿಲು ಇಲ್ಲದಿದ್ದರೆ ಅದನ್ನು ಯಾರೂ ಎಂದೂ ಪರೀಕ್ಷಿಸಿಲ್ಲ ಎಂದೇ ಅರ್ಥ. ಇದ್ದರೆ ಫ್ಯಾನ್ ನಿಲ್ಲಿಸಿ, ಕೊಂಡಿ ಕಳಚಿ, ರೆಕ್ಕೆ ಪೂರ್ತಿ ಮುಚ್ಚುವುದೇ ನೋಡಿ. ಕೊಂಡಿಯ ಜಾಗದಲ್ಲಿ ಬೈಂಡಿಂಗ್ ವೈರ್ ಸುತ್ತಿದ್ದರೆ ಆ ಡ್ಯಾಂಪರ್ ಎಂದಿಗೂ ಮುಚ್ಚುವುದಿಲ್ಲ. ಅಮೆರಿಕದ ಎನ್‌ಎಫ್‌ಪಿಎ ನಿಯಮದಂತೆ ಈ ಪರೀಕ್ಷೆ ಅಳವಡಿಸಿದ ಒಂದು ವರ್ಷಕ್ಕೆ, ನಂತರ ನಾಲ್ಕು ವರ್ಷಕ್ಕೊಮ್ಮೆ, ಆಸ್ಪತ್ರೆಗಳಲ್ಲಿ ಆರು ವರ್ಷಕ್ಕೊಮ್ಮೆ ನಡೆಯಬೇಕು. ಸೀಲ್‌ಗಳಿಗಾದರೆ ಹೊಸ ಕೇಬಲ್ ಎಳೆದ ದಿನವೇ ಪರೀಕ್ಷೆಯ ದಿನ. ಇಂಟರ್ನೆಟ್ ತಂತಿ ಹಾಕಲು ಬಂದವರು ಕೊರೆದು ಹೋದ ಒಂದಿಂಚಿನ ತೂತನ್ನು ಅವರು ಏಣಿ ಇಳಿಯುವ ಮೊದಲೇ ಮುಚ್ಚಿಸಬೇಕು.